ಕಾಯಿಲೆ ರಜೆಗೆ ಕಾಗದ ಎಷ್ಟನೇ ದಿನಕ್ಕೆ?

1988ರ ಜುಲೈನಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ ಸರಿಸಂಖ್ಯೆಯ ತಾರೀಖಿನಂದು ಹುಟ್ಟಿದ ನೌಕರರಿಗೆ ಒಂದು ವಿಚಿತ್ರ ಸವಲತ್ತು ಸಿಕ್ಕಿತು. ಹುಷಾರಿಲ್ಲದೆ ಮನೆಯಲ್ಲಿದ್ದರೆ ಹದಿನಾಲ್ಕು ದಿನಗಳವರೆಗೆ ಅವರು ಡಾಕ್ಟರ ಸರ್ಟಿಫಿಕೇಟ್ ಕೊಡಬೇಕಾಗಿರಲಿಲ್ಲ. ಬೆಸಸಂಖ್ಯೆಯ ತಾರೀಖಿನಂದು ಹುಟ್ಟಿದವರಿಗೆ ಮಾತ್ರ ಹಳೆಯ ನಿಯಮವೇ: ಏಳು ದಿನ ದಾಟಿದರೆ ಕಾಗದ ಬೇಕು. ಹುಟ್ಟಿದ ದಿನಕ್ಕೂ ಜ್ವರಕ್ಕೂ ಸಂಬಂಧವಿಲ್ಲ. ಹಾಗಾಗಿ ಎರಡು ಗುಂಪುಗಳ ರಜೆಯಲ್ಲಿ ವ್ಯತ್ಯಾಸ ಕಂಡರೆ ಅದು ನಿಯಮದಿಂದ ಬಂದದ್ದೇ ಹೊರತು ಆರೋಗ್ಯದಿಂದ ಅಲ್ಲ. ಆರು ತಿಂಗಳು ನಡೆದ ಈ ಪ್ರಯೋಗದ ಲೆಕ್ಕಗಳನ್ನು ಅರ್ಥಶಾಸ್ತ್ರಜ್ಞರು ಆಮೇಲೆ ಕೂತು ನೋಡಿದಾಗ ಸಿಕ್ಕ ಉತ್ತರ ಸ್ಪಷ್ಟವಾಗಿತ್ತು. ಕಾಗದ ಕೇಳುವ ದಿನವನ್ನು ಮುಂದಕ್ಕೆ ಹಾಕಿದ್ದರಿಂದ ರಜೆಗಳು ಉದ್ದವಾಗಿದ್ದವು.

ಇಷ್ಟನ್ನೇ ಓದಿದ ಯಾವ ಮಾಲೀಕರಾದರೂ "ನಾನು ಹೇಳಿರಲಿಲ್ಲವೇ" ಎನ್ನುತ್ತಾರೆ. ಆದರೆ ಇಪ್ಪತ್ತು ವರ್ಷಗಳ ನಂತರ ಪಕ್ಕದ ನಾರ್ವೆಯಲ್ಲಿ ಇದಕ್ಕೆ ಪೂರ್ತಿ ತದ್ವಿರುದ್ಧವಾದದ್ದು ನಡೆಯಿತು. ಅಲ್ಲಿನ ದಕ್ಷಿಣ ಕರಾವಳಿಯ ಮಾಂಡಾಲ್ ಎಂಬ ಸಣ್ಣ ಪಟ್ಟಣದ ಪುರಸಭೆ 2008ರಲ್ಲಿ ತನ್ನ ನೌಕರರಿಗೆ ಒಂದು ವರ್ಷದವರೆಗೂ ಡಾಕ್ಟರ ಕಾಗದವಿಲ್ಲದೆ, ಸ್ವಂತ ಮಾತಿನ ಮೇಲೆಯೇ ಕಾಯಿಲೆ ರಜೆ ಪಡೆಯಲು ಬಿಟ್ಟಿತು. ನಾರ್ವೆಯ ಸಾಮಾನ್ಯ ನಿಯಮದಲ್ಲಿ ಸ್ವಂತ ಮಾತಿಗೆ ಇದ್ದ ಮಿತಿ ಒಂದು ಸಲಕ್ಕೆ ಮೂರೇ ದಿನ. ಮಾಂಡಾಲ್‌ನಲ್ಲಿ ರಜೆ ಹೆಚ್ಚಲಿಲ್ಲ, ಇಳಿಯಿತು. ಗೌಟೆ ಟೋರ್ಸ್‌ವಿಕ್ ಮತ್ತು ಶೆಲ್ ವೋಗೆ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ಬೇರೆ ಪುರಸಭೆಗಳ ಜೊತೆ ಹೋಲಿಸಿ ನೋಡಿ, ಇಳಿಕೆ ನಿಜವೆಂದೇ ಹೇಳಿದರು.

ಒಂದು ಕಡೆ ನಂಬಿ ಕೆಟ್ಟರು, ಇನ್ನೊಂದು ಕಡೆ ನಂಬಿ ಗೆದ್ದರು. ವ್ಯತ್ಯಾಸ ಎಲ್ಲಿದೆ?

ಸ್ವೀಡನ್ನಿನಲ್ಲಿ ಆಗ ಕಾಯಿಲೆ ದಿನಗಳ ಹಣ ಬರುತ್ತಿದ್ದದ್ದು ಸರ್ಕಾರಿ ವಿಮೆಯಿಂದ. ಡಾಕ್ಟರ ಕಾಗದವನ್ನು ತೆಗೆದುಹಾಕಿದ ಮೇಲೆ ಆ ಜಾಗದಲ್ಲಿ ಬೇರೇನೂ ಬರಲಿಲ್ಲ. "ಹೇಗಿದ್ದೀರಿ, ಯಾವಾಗ ಬರಬಹುದು" ಎಂದು ಕೇಳುವ ಆಸಕ್ತಿ ಯಾರಿಗೂ ಇರಲಿಲ್ಲ. ಮಾಂಡಾಲ್‌ನಲ್ಲಿ ಕಾಗದ ಹೋದ ಜಾಗಕ್ಕೆ ಮೇಲ್ವಿಚಾರಕರು ಬಂದರು. ರಜೆ ಹಾಕಿದವರೊಡನೆ ಮಾತನಾಡುವುದು, ಪೂರ್ತಿ ಕೆಲಸ ಆಗದಿದ್ದರೆ ಹಗುರವಾದ ಕೆಲಸ ಸಾಧ್ಯವೇ ಎಂದು ವಿಚಾರಿಸುವುದು ಅವರ ಹೊಣೆಯಾಯಿತು. ಪರಿಚಯವೇ ಇಲ್ಲದ ಡಾಕ್ಟರ ಮುಂದೆ ಹೊಟ್ಟೆನೋವು ಎನ್ನುವುದು ಸುಲಭ. ಕೆಲಸ ಯಾರ ಹೆಗಲಿಗೆ ಬಿತ್ತೆಂದು ಬಲ್ಲ ಮೇಲ್ವಿಚಾರಕರಿಗೆ ಅದನ್ನೇ ಹೇಳುವುದು ಅಷ್ಟು ಸುಲಭವಲ್ಲ. ನಿಜವಾಗಿ ಹುಷಾರಿಲ್ಲದವರಿಗೋ, ಕ್ಲಿನಿಕ್ಕಿನ ಸಾಲಿನಲ್ಲಿ ಕೂರುವುದಕ್ಕಿಂತ ಒಂದು ಫೋನ್ ಮಾತು ಹಗುರ.

ನಮ್ಮಲ್ಲಿ ರಜೆ ನಿಯಮ ಬರೆಯುವವರು ಸಾಮಾನ್ಯವಾಗಿ ಮಾಡುವುದು ಇದರ ಉಲ್ಟಾ. ಮೇಲ್ವಿಚಾರಕರು ಮಾತನಾಡುವುದಿಲ್ಲ, ಕಾಗದ ಮಾತ್ರ ಮೊದಲ ದಿನದಿಂದಲೇ ಬೇಕು. ಕಾನೂನು ಇದನ್ನು ಬೇಡುತ್ತದೆಯೇ? ಇಲ್ಲ. ಅಂಗಡಿ, ಹೋಟೆಲ್, ಕಚೇರಿಗಳಿಗೆ ಅನ್ವಯಿಸುವ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ಕಾಯಿಲೆ ಅಥವಾ ಅಪಘಾತದ ಕಾರಣಕ್ಕೆ ವರ್ಷಕ್ಕೆ ಹನ್ನೆರಡು ದಿನಗಳವರೆಗೆ ಸಂಬಳಸಹಿತ ರಜೆ ನೌಕರರ ಹಕ್ಕು. ಆ ಹನ್ನೆರಡು ದಿನಗಳನ್ನು ಹೇಗೆ ನಂಬಬೇಕು, ಹೇಗೆ ಪರೀಕ್ಷಿಸಬೇಕು ಎಂಬುದು ಬಹುಪಾಲು ಸಂಸ್ಥೆಯ ವಿವೇಕಕ್ಕೆ ಬಿಟ್ಟದ್ದು. ಕೇಂದ್ರ ಸರ್ಕಾರಿ ನೌಕರರ 1972ರ ರಜಾ ನಿಯಮಗಳು ಕೂಡ, ಮೂರು ದಿನ ಮೀರದ ರಜೆಗೆ ಸರ್ಟಿಫಿಕೇಟ್ ಬೇಡ ಎನ್ನುವ ಅಧಿಕಾರವನ್ನು ಮೇಲಧಿಕಾರಿಗೆ ಕೊಟ್ಟಿವೆ. ಆದರೆ ಆಗ ಅದು ವೈದ್ಯಕೀಯ ರಜೆಯ ಲೆಕ್ಕಕ್ಕೆ ಬರದೆ ಬೇರೆ ರಜೆಯಲ್ಲಿ ಕಡಿತವಾಗುತ್ತದೆ.

ಮೊದಲ ದಿನವೇ ಕಾಗದ ಕೇಳಿದರೆ ಏನಾಗುತ್ತದೆ ನೋಡಿ. ತಿಂಗಳಿಗೆ 18,000 ರೂಪಾಯಿ ಸಂಬಳದ ಗುಮಾಸ್ತರೊಬ್ಬರ ಒಂದು ದಿನದ ಕೂಲಿ ಸುಮಾರು 690 ರೂಪಾಯಿ. ರಾತ್ರಿಯಿಡೀ ಭೇದಿಯಾಗಿ ಬೆಳಗ್ಗೆ ಏಳಲಾಗದ ಸ್ಥಿತಿ. ಮನೆಯಲ್ಲೇ ಓಆರ್‌ಎಸ್ ಕುಡಿದು ಮಲಗಿದರೆ ಮಾರನೇ ದಿನ ಎದ್ದು ಬರುವ ಕಾಯಿಲೆ ಅದು. ಈಗ ಆಟೋ ಹಿಡಿದು ಕ್ಲಿನಿಕ್ಕಿಗೆ ಹೋಗಿ ಫೀಸು ಕೊಟ್ಟು ಬರುವಷ್ಟರಲ್ಲಿ ಆ ಕೂಲಿಯ ದೊಡ್ಡ ಪಾಲು ಖರ್ಚಾಗಿರುತ್ತದೆ. ಡಾಕ್ಟರಿಗೋ ನಿನ್ನೆ ರಾತ್ರಿಯ ಭೇದಿಯನ್ನು ಕಣ್ಣಾರೆ ನೋಡುವ ದಾರಿಯಿಲ್ಲ. ತಲೆನೋವು, ಬೆನ್ನುನೋವು, ಹೊಟ್ಟೆನೋವುಗಳದ್ದೂ ಇದೇ ಕಥೆ. ರೋಗಿ ಹೇಳಿದ್ದನ್ನೇ ಅವರು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಬರೆಯುವಾಗ ಒಂದು ದಿನಕ್ಕೆ ಬರೆಯುವವರು ಕಡಿಮೆ, "ಮೂರು ದಿನ ರೆಸ್ಟ್" ಎಂಬುದೇ ರೂಢಿ. ನಾಳೆ ಕೆಲಸಕ್ಕೆ ಬರಬಹುದಾಗಿದ್ದವರ ಕೈಯಲ್ಲಿ ಈಗ ಮೂರು ದಿನದ ಚೀಟಿ ಇರುತ್ತದೆ. ಸಂಸ್ಥೆ ತಾನೇ ಕೇಳಿ ಎರಡು ದಿನ ಕಳೆದುಕೊಂಡ ಹಾಗಾಯಿತು.

ಸುಳ್ಳು ಹೇಳುವವರಿಗೆ ಈ ನಿಯಮದಿಂದ ಅಂಥ ತೊಂದರೆಯೂ ಇಲ್ಲ. ಅವರಿಗೆ ಗೊತ್ತಿರುವ ಕ್ಲಿನಿಕ್ ಇದ್ದೇ ಇರುತ್ತದೆ.

ಹಾಗೆಂದು ಸರ್ಟಿಫಿಕೇಟು ಬೆಲೆಯಿಲ್ಲದ ಕಾಗದವಲ್ಲ. ಅದರ ಹಿಂದೆ ಡಾಕ್ಟರ ವೃತ್ತಿಯೇ ಅಡವಿದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಗಳು ಇದರ ಬಗ್ಗೆ ವಿವರವಾಗಿಯೇ ಹೇಳಿವೆ. ಡಾಕ್ಟರು ತಾವು ಕೊಟ್ಟ ಸರ್ಟಿಫಿಕೇಟುಗಳಿಗೆಂದೇ ಒಂದು ರಿಜಿಸ್ಟರ್ ಇಡಬೇಕು. ರೋಗಿಯ ಗುರುತಿನ ಚಿಹ್ನೆ ಬರೆಯಬೇಕು, ರೋಗಿಯ ಸಹಿ ಅಥವಾ ಹೆಬ್ಬೆಟ್ಟು ಪಡೆಯಬೇಕು, ಒಂದು ಪ್ರತಿಯನ್ನು ತಮ್ಮಲ್ಲೇ ಇಟ್ಟುಕೊಳ್ಳಬೇಕು. ತಮ್ಮ ನೋಂದಣಿ ಸಂಖ್ಯೆಯನ್ನೂ ನಮೂದಿಸಬೇಕು. ಸುಳ್ಳು ಅಥವಾ ದಾರಿ ತಪ್ಪಿಸುವ ಸರ್ಟಿಫಿಕೇಟಿಗೆ ಸಹಿ ಹಾಕಿದರೆ ಅವರ ಹೆಸರನ್ನು ವೈದ್ಯರ ನೋಂದಣಿ ಪಟ್ಟಿಯಿಂದಲೇ ತೆಗೆದುಹಾಕಬಹುದು. ನಿಯಮದ ಜೊತೆಗಿರುವ ಮಾದರಿ ನಮೂನೆಯಲ್ಲಿ ಎಚ್ಚರಿಕೆಯಿಂದ ಪರೀಕ್ಷಿಸಿದ ಮೇಲೆ, ಇಂಥ ದಿನದಿಂದ ಇಷ್ಟು ದಿನ ಕೆಲಸದಿಂದ ದೂರವಿರುವುದು ಆರೋಗ್ಯ ಮರಳಲು ಅತ್ಯಗತ್ಯ ಎಂಬರ್ಥದ ಮಾತಿದೆ.

ಇದರಿಂದ ಕಾಗದವನ್ನು ಪರೀಕ್ಷಿಸುವ ದಾರಿಯೂ ತಾನಾಗಿಯೇ ಸಿಗುತ್ತದೆ. ನೋಂದಣಿ ಸಂಖ್ಯೆ ಇದೆಯೇ, ಅದು ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿರುವ ಹೆಸರಿಗೆ ಹೊಂದುತ್ತದೆಯೇ, ಪರೀಕ್ಷಿಸಿದ ತಾರೀಖು ಎಂದಿನದು, ರಿಜಿಸ್ಟರಿನ ಕ್ರಮಸಂಖ್ಯೆ ಇದೆಯೇ ಎಂದು ನೋಡಿದರೆ ಹೆಚ್ಚಿನ ನಕಲಿಗಳು ಮೇಜಿನ ಮೇಲೇ ಬಯಲಾಗುತ್ತವೆ. ಆಮೇಲೂ ಅನುಮಾನವಿದ್ದರೆ ಕ್ಲಿನಿಕ್ಕಿಗೆ ಪತ್ರ ಬರೆದು ಒಂದೇ ಪ್ರಶ್ನೆ ಕೇಳಬೇಕು: ಈ ತಾರೀಖಿನ ಈ ಸರ್ಟಿಫಿಕೇಟನ್ನು ತಾವು ಕೊಟ್ಟಿದ್ದೀರಾ? ಕಾಯಿಲೆ ಏನು ಎಂದು ಕೇಳುವಂತಿಲ್ಲ. ರೋಗಿಯ ಗುಟ್ಟನ್ನು ಹೊರಗೆ ಹೇಳದಿರುವುದು ಡಾಕ್ಟರ ಕರ್ತವ್ಯ. ಈ ವಿಚಾರಣೆ ನಡೆಯಬಹುದೆಂಬುದನ್ನು ನಿಯಮ ಪುಸ್ತಕದಲ್ಲಿ ಮೊದಲೇ ಬರೆದಿಟ್ಟರೆ ಅರ್ಧ ಕೆಲಸ ಅಲ್ಲಿಗೇ ಆಯಿತು.

ತಾರೀಖಿನದು ಸ್ವಲ್ಪ ಸೂಕ್ಷ್ಮ. ಸೋಮವಾರ ಜ್ವರ ಬಂದು ಬುಧವಾರ ಡಾಕ್ಟರ ಬಳಿ ಹೋದವರ ಕಾಗದದಲ್ಲಿ ಬುಧವಾರದ ತಾರೀಖೇ ಇರಬೇಕು. "ಸೋಮವಾರದಿಂದ ಜ್ವರವಿದೆಯೆಂದು ರೋಗಿ ಹೇಳುತ್ತಾರೆ" ಎಂದು ಡಾಕ್ಟರು ಬರೆಯುವುದು ಪ್ರಾಮಾಣಿಕ. ಸೋಮವಾರವೇ ಪರೀಕ್ಷಿಸಿದೆ ಎಂದು ಬರೆಯುವುದು ಸುಳ್ಳು. ಎಷ್ಟೋ ಕಚೇರಿಗಳು ಮೊದಲ ಬಗೆಯ ಕಾಗದವನ್ನು "ತಾರೀಖು ಹೊಂದುತ್ತಿಲ್ಲ" ಎಂದು ತಿರಸ್ಕರಿಸಿ, ಎರಡನೆಯದನ್ನು ಸದ್ದಿಲ್ಲದೆ ಒಪ್ಪಿಕೊಳ್ಳುತ್ತವೆ. ಸತ್ಯ ಬರೆದ ಡಾಕ್ಟರಿಗೂ ನೌಕರರಿಗೂ ಅದಕ್ಕಿಂತ ಕೆಟ್ಟ ಪಾಠ ಬೇಕೆ?

ಹಾಗಾದರೆ ಕಾಗದ ಎಷ್ಟನೇ ದಿನಕ್ಕೆ? ಈ ಪ್ರಶ್ನೆಯನ್ನು ಒಂದು ಕಲ್ಪಿತ ಸಂಸ್ಥೆಯಲ್ಲಿಟ್ಟು ನೋಡೋಣ. ಹುಬ್ಬಳ್ಳಿಯಲ್ಲಿ ಅರವತ್ತು ಜನ ಕೆಲಸ ಮಾಡುವ ಒಂದು ಸಗಟು ವ್ಯಾಪಾರದ ಕಚೇರಿ, ವಾರಕ್ಕೆ ಆರು ದಿನ ಕೆಲಸ, ಕಾನೂನಿನಂತೆ ಹನ್ನೆರಡು ದಿನ ಕಾಯಿಲೆ ರಜೆ.

ಅಲ್ಲಿನ ನಿಯಮ ಹೀಗಿರಬಹುದು. ಎರಡು ದಿನಗಳವರೆಗಿನ ಕಾಯಿಲೆಗೆ ನೌಕರರ ಮಾತೇ ಸಾಕು. ಆದರೆ ಕೆಲಸ ಶುರುವಾಗುವ ಹೊತ್ತಿಗೆ ಅವರು ತಮ್ಮ ಮೇಲ್ವಿಚಾರಕರಿಗೆ ಖುದ್ದಾಗಿ ಫೋನ್ ಮಾಡಬೇಕು. ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಹಾಕಿ ಫೋನ್ ಬಂದ್ ಮಾಡಿದರೆ ಲೆಕ್ಕಕ್ಕಿಲ್ಲ, ಮಾತನಾಡಲೂ ಆಗದ ಸ್ಥಿತಿಯಿದ್ದರೆ ಮನೆಯವರು ಮಾತನಾಡಬಹುದು. ಮೂರನೇ ದಿನಕ್ಕೆ ಸರ್ಟಿಫಿಕೇಟು ಬೇಕು. ಎರಡೇ ದಿನ ಏಕೆಂದರೆ, ಗೋಥೆನ್‌ಬರ್ಗ್ ತೋರಿಸಿದಂತೆ ರಜೆಗಳು ಗಡುವಿನ ತನಕ ಹಿಗ್ಗುತ್ತವೆ, ಹಾಗಾಗಿ ಗಡುವು ಹತ್ತಿರವಿದ್ದಷ್ಟೂ ಒಳ್ಳೆಯದು. ಇನ್ನೊಂದು ಕಾರಣ ವೈದ್ಯಕೀಯದ್ದು. ಮೂರನೇ ದಿನಕ್ಕೂ ಇಳಿಯದ ಜ್ವರಕ್ಕೆ, ಅದರಲ್ಲೂ ಡೆಂಗಿ ಕಾಲದಲ್ಲಿ, ರಕ್ತಪರೀಕ್ಷೆ ಹೇಗೂ ಮಾಡಿಸಬೇಕು. ಡಾಕ್ಟರ ಬಳಿ ಹೋಗಲೇಬೇಕಾದ ದಿನವೇ ಕಾಗದವೂ ಸಿಗುತ್ತದೆ, ಕಾಗದಕ್ಕಾಗಿಯೇ ಹೋಗುವ ದಂಡ ತಪ್ಪುತ್ತದೆ.

ಈ ದಿನಗಳನ್ನು ಕ್ಯಾಲೆಂಡರಿನ ಪ್ರಕಾರ ಎಣಿಸಬೇಕು, ಕೆಲಸದ ದಿನಗಳ ಪ್ರಕಾರ ಅಲ್ಲ. ಬ್ರಿಟನ್ನಿನಲ್ಲಿ ಸ್ವಂತ ಮಾತಿಗೆ ಏಳು ದಿನದ ಅವಕಾಶವಿದೆ, ಅದರಲ್ಲಿ ರಜಾ ದಿನಗಳೂ ಸೇರುತ್ತವೆ. ಹುಬ್ಬಳ್ಳಿಯ ಕಚೇರಿಯಲ್ಲಿ ಶನಿವಾರ ಮತ್ತು ಸೋಮವಾರ ಎರಡೂ ದಿನ ಹುಷಾರಿಲ್ಲವೆಂದರೆ ನಡುವಿನ ಭಾನುವಾರ ಸೇರಿ ಮೂರು ದಿನವಾಯಿತು, ಕಾಗದ ಬೇಕಾಯಿತು. ಉದ್ದನೆಯ ವಾರಾಂತ್ಯ ಮಾಡಿಕೊಳ್ಳುವ ಚಾಳಿಗೆ ಯಾರನ್ನೂ ಬೈಯದೆ, ಅನುಮಾನಿಸದೆ ಲಗಾಮು ಹಾಕುವ ಉಪಾಯ ಇದು. ಕಾಗದವಿಲ್ಲದ ದಿನಗಳಿಗೆ ವರ್ಷಕ್ಕೆ ಆರು ಎಂಬ ಮಿತಿಯೂ ಇರಲಿ. ಉಳಿದ ಆರು ದಿನಗಳು ಕಾಗದದ ಜೊತೆ. ಸರ್ಟಿಫಿಕೇಟು ಯಾವ ನೋಂದಾಯಿತ ವೈದ್ಯರದ್ದಾದರೂ ನಡೆಯಬೇಕು. ಊರಿಗೆ ಹೋದಾಗ ಕಾಯಿಲೆ ಬಿದ್ದವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಂದ ಕಾಗದವನ್ನು "ನಮ್ಮ ಪಟ್ಟಿಯ ಡಾಕ್ಟರದ್ದಲ್ಲ" ಎಂದು ತಳ್ಳುವುದು ಅನ್ಯಾಯ.

ಇನ್ನು ದುರುಪಯೋಗವನ್ನು ಕಂಡುಹಿಡಿಯುವ ಬಗೆ. ಬ್ರಿಟನ್ನಿನ ಸಂಸ್ಥೆಗಳಲ್ಲಿ ಬ್ರಾಡ್‌ಫರ್ಡ್ ಅಂಕ ಎಂಬ ಲೆಕ್ಕ ಬಹಳ ಬಳಕೆಯಲ್ಲಿದೆ. ಒಂದು ವರ್ಷದಲ್ಲಿ ಎಷ್ಟು ಸಲ ರಜೆ ಹಾಕಿದರು ಎಂಬುದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಒಟ್ಟು ರಜೆಯ ದಿನಗಳಿಂದ ಮತ್ತೆ ಗುಣಿಸುವುದು. ಉದ್ದನೆಯ ಒಂದು ಕಾಯಿಲೆಗಿಂತ ಆಗಾಗ ಬರುವ ಒಂದೊಂದು ದಿನದ ಗೈರು ಕೆಲಸವನ್ನು ಹೆಚ್ಚು ಕೆಡಿಸುತ್ತದೆ ಎಂಬುದು ಇದರ ಹಿಂದಿನ ಯೋಚನೆ.

ನಮ್ಮ ಕಚೇರಿಯ ಮೂವರನ್ನು ಈ ಲೆಕ್ಕಕ್ಕೆ ಹಚ್ಚೋಣ. ಗೋದಾಮಿನ ಗುಮಾಸ್ತರಿಗೆ ಟೈಫಾಯಿಡ್ ಬಂದು ಒಂದೇ ಸಲ ಹನ್ನೊಂದು ದಿನ ರಜೆ: ಅಂಕ 11. ಬಿಲ್ಲಿಂಗ್ ವಿಭಾಗದ ಯುವಕ ಏಳು ಸಲದಲ್ಲಿ ಒಂಬತ್ತು ದಿನ: ಏಳೇಳಲಿ ನಲವತ್ತೊಂಬತ್ತು, ಅದನ್ನು ಒಂಬತ್ತರಿಂದ ಗುಣಿಸಿದರೆ 441. ಲೆಕ್ಕಪತ್ರ ವಿಭಾಗದ ಮಹಿಳೆ ಒಂಬತ್ತು ಸಲ, ಸಲಕ್ಕೆ ಒಂದೊಂದೇ ದಿನ: 729. ಅಂಕವನ್ನೇ ನಂಬಿದರೆ ಆಕೆಯೇ ಮೊದಲ ಆರೋಪಿ. ಆದರೆ ಆಕೆಗಿರುವುದು ಮೈಗ್ರೇನ್. ತಿಂಗಳಿಗೊಮ್ಮೆ ಒಂದು ದಿನ ಕತ್ತಲೆ ಕೋಣೆಯಲ್ಲಿ ಮಲಗಿ ಮರುದಿನ ಬಂದು ಬಾಕಿ ಕೆಲಸ ಮುಗಿಸುವ ನೌಕರರು ಅವರು. ಮರುಕಳಿಸುವ ಕಾಯಿಲೆ ಇರುವವರಿಗೆಲ್ಲ ಈ ಸೂತ್ರ ಹೀಗೇ ಅನ್ಯಾಯ ಮಾಡುತ್ತದೆ. ಯಾರನ್ನು ಮಾತನಾಡಿಸಬೇಕು ಎಂದು ತಿಳಿಯಲು ಅಂಕ ಸಾಕು, ಯಾರನ್ನು ಶಿಕ್ಷಿಸಬೇಕು ಎಂದು ತಿಳಿಯಲು ಸಾಲದು.

ಆಕೆಯ ಜೊತೆ ಒಮ್ಮೆ ಮಾತನಾಡಿದರೆ ವಿಷಯ ಮುಗಿಯುತ್ತದೆ. ಪ್ರತಿ ಸಲವೂ ಕಾಗದ ತರುವ ಬದಲು, ಮರುಕಳಿಸುವ ತೊಂದರೆ ಇದೆ ಎಂದು ತಜ್ಞರಿಂದ ವರ್ಷಕ್ಕೊಂದು ಪತ್ರ ತಂದರೆ ಸಾಕು. ಆ ದಿನಗಳು ಕಾಗದವಿಲ್ಲದ ಆರರ ಮಿತಿಗೂ ಸೇರಬಾರದು, ಅಂಕಕ್ಕೂ ಸೇರಬಾರದು. ಮುಟ್ಟಿನ ರಜೆಯಲ್ಲಿ ಕರ್ನಾಟಕ ಸರ್ಕಾರ 2025ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಿಂಗಳಿಗೊಂದು ದಿನದ ಸಂಬಳಸಹಿತ ರಜೆಗೆ ವೈದ್ಯಕೀಯ ಪ್ರಮಾಣಪತ್ರವೇ ಬೇಡ ಎಂದಿತು. ದಿನಗಳ ಮಿತಿಯೇ ಅಲ್ಲಿ ಕಾವಲು.

ಬಿಲ್ಲಿಂಗ್ ವಿಭಾಗದ ಯುವಕನ ವಿಷಯ ಬೇರೆ. ಆತನ ಏಳು ರಜೆಗಳಲ್ಲಿ ಐದು ಶುರುವಾದದ್ದು ಸೋಮವಾರ. ಇಲ್ಲೂ ಅವಸರ ಸಲ್ಲದು. ಭಾನುವಾರ ಶುರುವಾದ ಜ್ವರವೂ ಹಾಜರಿ ಪುಸ್ತಕದಲ್ಲಿ ಸೋಮವಾರವೇ ಕಾಣಿಸುತ್ತದೆ. ಆದ್ದರಿಂದ ಯಾವ ಮೋಸವೂ ಇಲ್ಲದ ಕಚೇರಿಯಲ್ಲೂ ಏಳು ರಜೆಗಳಲ್ಲಿ ಎರಡು ಸೋಮವಾರ ಶುರುವಾಗುವುದು ಸಹಜ. "ಸೋಮವಾರದ ಕಾಯಿಲೆ" ಎಂದು ಗೇಲಿ ಮಾಡುವ ಮೇಲಧಿಕಾರಿಗಳು ಈ ಲೆಕ್ಕವನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಆದರೂ ಎರಡರ ಜಾಗದಲ್ಲಿ ಐದು ಬಂದರೆ ಕೂರಿಸಿ ಕೇಳಬೇಕು. ಕೇಳುವ ರೀತಿಯೂ ಮುಖ್ಯ: ಈಗ ಆರೋಗ್ಯ ಹೇಗಿದೆ, ಕೆಲಸದಲ್ಲಿ ಏನಾದರೂ ತೊಂದರೆಯಿದೆಯೇ, ಸೋಮವಾರಗಳೇ ಹೆಚ್ಚಾಗಿವೆಯಲ್ಲ, ಏನು ಕಾರಣ?

ಉತ್ತರ ಹಲವು ಸಲ ಮೋಸವೇ ಆಗಿರುವುದಿಲ್ಲ. ಶನಿವಾರ ಸಂಜೆ ಊರಿಗೆ ಹೋಗಿ ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಂಡು, ಸೋಮವಾರದ ಬಸ್ಸಿಗೆ ಮರಳುವ ಮಗನಿರಬಹುದು. ಸಾಂದರ್ಭಿಕ ರಜೆ ಕೇಳಿದರೆ "ಮೊದಲೇ ಹೇಳಬೇಕಿತ್ತು" ಎಂದು ನಿರಾಕರಿಸುವ, ಜ್ವರ ಎಂದರೆ ಮಾತ್ರ ಒಪ್ಪುವ ಕಚೇರಿ ತಾನೇ ಸುಳ್ಳನ್ನು ಕಲಿಸುತ್ತಿರುತ್ತದೆ. ಅಲ್ಲಿ ತಿದ್ದಬೇಕಾದದ್ದು ಸಾಂದರ್ಭಿಕ ರಜೆಯ ನಿಯಮವನ್ನು. ಸರಿಯಾದ ಕಾರಣ ಸಿಗದಿದ್ದರೆ, ಮುಂದಿನ ಆರು ತಿಂಗಳು ಮೊದಲ ದಿನಕ್ಕೇ ಸರ್ಟಿಫಿಕೇಟು ಕೊಡಬೇಕೆಂದು ಆತನಿಗೆ ಬರವಣಿಗೆಯಲ್ಲಿ ತಿಳಿಸಬಹುದು. ಆ ಅವಧಿಯಲ್ಲಿ ಡಾಕ್ಟರ ಫೀಸನ್ನು ಸಂಸ್ಥೆಯೇ ಕೊಡುವುದು ನ್ಯಾಯ, ಕಾಗದ ಬೇಕೆಂದದ್ದು ಸಂಸ್ಥೆ ತಾನೆ. ಆರು ತಿಂಗಳು ಸರಿಯಾಗಿ ನಡೆದರೆ ಷರತ್ತು ತಾನಾಗಿ ರದ್ದಾಗಬೇಕು. ಹೀಗೆ ಮೊದಲ ದಿನದ ಕಾಗದ ಎಂಬ ಕಟ್ಟುಪಾಡು ಅರವತ್ತು ಜನರಿಗೆ ಬೀಳದೆ, ಕಾರಣವಿರುವ ಒಬ್ಬರಿಗೆ ಮಾತ್ರ ಬೀಳುತ್ತದೆ.

ಅದಕ್ಕೂ ಮುಂದೆ ಹೋಗಿ ಕೆಲಸದಿಂದ ತೆಗೆಯುವ ಮಾತು ಬಂದರೆ ಕಾನೂನು ಬಿಗಿಯಾಗಿದೆ. ಗೈರುಹಾಜರಿಯ ಕಾರಣಕ್ಕೆ ಕೆಲಸಗಾರರ ಹೆಸರನ್ನು ತಾನೇತಾನಾಗಿ ಪಟ್ಟಿಯಿಂದ ತೆಗೆಯುವಂತಿಲ್ಲ, ವಿಚಾರಣೆ ನಡೆಸಿ ಅವರ ಮಾತು ಕೇಳಬೇಕು ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಡಿ.ಕೆ. ಯಾದವ್ ಪ್ರಕರಣದಲ್ಲಿ ಹೇಳಿತು. ಗೈರು ಉದ್ದೇಶಪೂರ್ವಕ ಎಂದು ಸಾಬೀತಾದರೆ ಮಾತ್ರ ಅದು ದುರ್ನಡತೆ ಎಂದು 2012ರ ಇನ್ನೊಂದು ತೀರ್ಪು ಸೇರಿಸಿತು. ಫೋನ್ ಕರೆಯ ದಾಖಲೆ, ಮರಳಿ ಬಂದ ದಿನದ ಮಾತುಕತೆಯ ಒಂದು ಸಾಲಿನ ಟಿಪ್ಪಣಿ, ಷರತ್ತಿನ ಪತ್ರ ಇವೆಲ್ಲ ಆಗ ಎರಡೂ ಕಡೆಗೆ ಸಾಕ್ಷಿಯಾಗುತ್ತವೆ. ಏನನ್ನೂ ಮಾತನಾಡದೆ ಕಾಗದ ಮಾತ್ರ ಸಂಗ್ರಹಿಸಿದ ಸಂಸ್ಥೆಯ ಬಳಿ ತೋರಿಸಲು ಏನೂ ಇರುವುದಿಲ್ಲ.

ಹಣದ ಮೂಲಕ ದುರುಪಯೋಗ ತಡೆಯುವ ದಾರಿಗಳೂ ಇವೆ. ಇಎಸ್‌ಐ ಯೋಜನೆಯಲ್ಲಿ ಕಾಯಿಲೆ ಭತ್ಯೆ ವೇತನದ ಶೇ. 70, ವರ್ಷಕ್ಕೆ 91 ದಿನಗಳವರೆಗೆ. ಆದರೆ ಮೊದಲ ಎರಡು ದಿನಗಳಿಗೆ ಭತ್ಯೆಯಿಲ್ಲ. ಹದಿನೈದು ದಿನಗಳೊಳಗೆ ಮತ್ತೆ ಕಾಯಿಲೆ ಬಿದ್ದರೆ ಈ ಎರಡು ದಿನಗಳ ಕಡಿತ ಇರುವುದಿಲ್ಲ, ಕಾಯಿಲೆ ಪೂರ್ತಿ ವಾಸಿಯಾಗದೆ ಮರುಕಳಿಸಿದವರಿಗೆ ಎರಡೆರಡು ಸಲ ಹೊಡೆತ ಬೀಳದಂತೆ. ರಾಜ್ಯ ಸರ್ಕಾರಿ ನೌಕರರದ್ದು ಇನ್ನೊಂದು ಬಗೆ. ವರ್ಷಕ್ಕೆ ಇಪ್ಪತ್ತು ದಿನ ಅರ್ಧ ವೇತನ ರಜೆ ಅವರ ಖಾತೆಗೆ ಸೇರುತ್ತದೆ. ಸರ್ಟಿಫಿಕೇಟು ಕೊಟ್ಟು ಅದನ್ನು ಪೂರ್ಣ ವೇತನದ ಪರಿವರ್ತಿತ ರಜೆಯಾಗಿ ಪಡೆದರೆ ಒಂದು ದಿನಕ್ಕೆ ಎರಡು ದಿನ ಕಳೆಯುತ್ತದೆ. ಬಳಸದ ರಜೆ ಕೂಡುತ್ತಲೇ ಹೋಗುವುದರಿಂದ ದೊಡ್ಡ ಕಾಯಿಲೆಗೆಂದು ಉಳಿಸಿಕೊಳ್ಳುವ ಆಸೆ ಹುಟ್ಟುತ್ತದೆ. ಖಾಸಗಿ ಸಂಸ್ಥೆಗಳಲ್ಲಿ ಉಳಿದ ಕಾಯಿಲೆ ರಜೆ ವರ್ಷದ ಕೊನೆಗೆ ಬಿದ್ದುಹೋಗುವುದೇ ಹೆಚ್ಚು, ಮಾರ್ಚ್ ತಿಂಗಳಿನಲ್ಲಿ ಅಲ್ಲೆಲ್ಲ ಕೆಮ್ಮು ನೆಗಡಿ ಹೆಚ್ಚುವುದಕ್ಕೆ ಹವಾಮಾನ ಕಾರಣವಲ್ಲ. ಹುಬ್ಬಳ್ಳಿಯ ಕಚೇರಿ ಉಳಿದ ದಿನಗಳನ್ನು ಮೂವತ್ತಾರರವರೆಗೆ ಕೂಡಿಡಲು ಬಿಟ್ಟು, ನಗದು ಕೊಡದೆ, ಆಸ್ಪತ್ರೆ ಸೇರುವಂಥ ಕಾಯಿಲೆಗೆ ಮಾತ್ರ ಬಳಸಲು ಕೊಟ್ಟರೆ ಆ ಮಾರ್ಚ್ ಕಾಯಿಲೆಗೆ ಔಷಧ ಸಿಕ್ಕಂತೆ. ನಗದು ಕೊಟ್ಟರೆ ಬೇರೆ ಅಪಾಯವಿದೆ: ಜ್ವರವಿದ್ದವರೂ ಹಣದಾಸೆಗೆ ಬಂದು ಪಕ್ಕದ ಮೇಜಿನವರಿಗೂ ಹಂಚುತ್ತಾರೆ.

ಕಾಯಿಲೆ ರಜೆ ಹಾಕುವ ಓದುಗರಿಗೂ ಒಂದು ಮಾತು. ಸರ್ಟಿಫಿಕೇಟು ಪಡೆಯುವಾಗ ಡಾಕ್ಟರ ನೋಂದಣಿ ಸಂಖ್ಯೆ, ಪರೀಕ್ಷಿಸಿದ ತಾರೀಖು, ಎಷ್ಟು ದಿನ ವಿಶ್ರಾಂತಿ ಎಂಬ ಮೂರೂ ಅದರಲ್ಲಿವೆಯೇ ಎಂದು ನೋಡಿಕೊಳ್ಳಿ, ಒಂದು ಪ್ರತಿ ನಿಮ್ಮಲ್ಲೂ ಇರಲಿ. ಕಳೆದ ವಾರದ ತಾರೀಖು ಹಾಕಿಕೊಡಿ ಎಂದು ಡಾಕ್ಟರನ್ನು ಒತ್ತಾಯಿಸಬೇಡಿ. ನಿಮಗೆ ಹೋಗುವುದು ಒಂದು ದಿನದ ಸಂಬಳ, ಅವರಿಗೆ ಹೋಗಬಹುದಾದದ್ದು ವೃತ್ತಿ ಮಾಡುವ ಹಕ್ಕು.